ಡ್ರಾಯಿಂಗ್‌ಗೆ ಕಾಪಿರೈಟ್ ಇದ್ದ ಮಾತ್ರಕ್ಕೆ ಮೆಷಿನ್ ನಿಮ್ಮದಾಗಲ್ಲ

ವರ್ಕ್‌ಶಾಪ್ ಇಟ್ಕೊಂಡು ಸ್ವಂತ ತಲೆ ಓಡಿಸಿ ಮೆಷಿನ್ ಮಾಡೋರು ಪೇಟೆಂಟ್, ಕಾಪಿರೈಟ್ ಕೆಲಸ ನೋಡ್ಕೊಳ್ಳೋ ನಮ್ಮ ಆಫೀಸಿಗೆ ಬಂದಾಗ ಫೈಲಿಂದ ಮೊದಲು ಹೊರಗೆ ತೆಗೆಯೋದು ಬಹಳ ಸಲ ಒಂದು ಕಾಪಿರೈಟ್ ಸರ್ಟಿಫಿಕೇಟ್. 500 ರೂಪಾಯಿ ಸರ್ಕಾರಿ ಫೀಸ್ ಕಟ್ಟಿ ಮೆಷಿನ್ ಡ್ರಾಯಿಂಗನ್ನ ರಿಜಿಸ್ಟರ್ ಮಾಡ್ಸಿರ್ತಾರೆ, ಇನ್ಮೇಲೆ ಈ ಮೆಷಿನ್ ಬೇರೆ ಯಾರೂ ಮಾಡೋ ಹಾಗಿಲ್ಲ ಅಂತ ನಂಬಿರ್ತಾರೆ. ಆ ಸರ್ಟಿಫಿಕೇಟ್ ನಿಜವಾದದ್ದೇ, ಅದಕ್ಕೆ ಬೆಲೆನೂ ಇದೆ, ಆದ್ರೆ ಅವ್ರು ಯಾವುದನ್ನ ಕಾಪಾಡ್ಕೋಬೇಕು ಅಂತ ಬಂದಿರ್ತಾರೋ ಅದಕ್ಕೆ ಅದು ಸಂಬಂಧನೇ ಪಡಲ್ಲ.

ಒಂದು ಕೇಸ್ ಹೇಳ್ತೀನಿ, ಗುರುತು ಸಿಗಬಾರದು ಅಂತ ವಿವರ ಸ್ವಲ್ಪ ಬದಲಾಯಿಸಿದೀನಿ. ಮಲೆನಾಡು ಕಡೆಯವ್ರು, ಅಡಿಕೆ ಸುಲಿಯೋ ಮೆಷಿನ್ ಮಾಡಿದ್ರು. ಸುಲಿಯೋ ಮೆಷಿನ್ ಮಾರ್ಕೆಟ್‌ನಲ್ಲಿ ಬೇಕಾದಷ್ಟಿವೆ, ಇವ್ರದ್ದರಲ್ಲಿ ಹೊಸದು ಏನಪ್ಪಾ ಅಂದ್ರೆ ಎರಡು ರೋಲರ್‌ನಲ್ಲಿ ಒಂದು ಸ್ಪ್ರಿಂಗ್ ಮೇಲೆ ಕೂತಿರತ್ತೆ, ದಪ್ಪ ಕಾಯಿ ಬಂದಾಗ ಅದೇ ಹಿಂದೆ ಸರಿಯತ್ತೆ, ಸಣ್ಣದು ಬಂದಾಗ ಮುಂದೆ ಬರತ್ತೆ, ಹಾಗಾಗಿ ಕಾಯಿನ ಮೊದಲೇ ಸೈಜ್ ಪ್ರಕಾರ ಬೇರೆ ಮಾಡೋ ಕೆಲಸ ಇಲ್ಲ ಮತ್ತೆ ಒಳಗಿನ ಅಡಿಕೆಗೆ ಬ್ಲೇಡ್ ತಾಗಿ ಗೀರಾಗೋದು ಕಮ್ಮಿ. ಒಂದಷ್ಟು ಮೆಷಿನ್ ಮಾರಿದ್ರು, ಚೆನ್ನಾಗಿ ಓಡ್ತು. ಆಮೇಲೆ ಪಕ್ಕದ ತಾಲೂಕಿನ ಇನ್ನೊಂದು ವರ್ಕ್‌ಶಾಪ್‌ನವ್ರು ಅದೇ ರೋಲರ್ ಅದೇ ಸ್ಪ್ರಿಂಗ್ ಹಾಕಿ ಕಮ್ಮಿ ರೇಟಿಗೆ ಮಾರೋಕೆ ಶುರು ಮಾಡಿದ್ರು. ಇವ್ರು ಕಾಪಿರೈಟ್ ಸರ್ಟಿಫಿಕೇಟ್ ಹಿಡ್ಕೊಂಡು ಬಂದು "ಸರ್, ಒಂದು ನೋಟಿಸ್ ಕಳ್ಸಿ, ಮೆಷಿನ್ ಮಾಡೋದು ನಿಲ್ಲಿಸ್ಲಿ" ಅಂದ್ರು.

ಆ ಸರ್ಟಿಫಿಕೇಟಿಂದ ಮೆಷಿನ್ ನಿಲ್ಸೋಕೆ ಆಗಲ್ಲ. ಕಾರಣ ಕಾನೂನಿನಲ್ಲೇ ಬರೆದಿದೆ. ನಮ್ಮ 1957ರ ಕಾಪಿರೈಟ್ ಆಕ್ಟ್‌ನಲ್ಲಿ ಸೆಕ್ಷನ್ 52 ಅಂತಿದೆ, ಏನೇನು ಮಾಡಿದ್ರೆ ಉಲ್ಲಂಘನೆ ಆಗಲ್ಲ ಅಂತ ಅದ್ರಲ್ಲಿ ಪಟ್ಟಿ ಇದೆ. 2012ರಲ್ಲಿ ತಿದ್ದುಪಡಿ ಆದಾಗ ಆ ಪಟ್ಟಿಗೆ ಒಂದು ಸೇರ್ಸಿದ್ರು: ಉಪಯೋಗದ ವಸ್ತುವಿನಲ್ಲಿ ಬರೀ ಕೆಲಸಕ್ಕೋಸ್ಕರ ಇರೋ ಭಾಗವನ್ನ ಟೆಕ್ನಿಕಲ್ ಡ್ರಾಯಿಂಗ್ ನೋಡಿ ಕೈಗಾರಿಕಾ ಬಳಕೆಗೆ ತಯಾರಿಸಿದ್ರೆ ಅದು ಕಾಪಿರೈಟ್ ಉಲ್ಲಂಘನೆ ಅಲ್ಲ. ಅಂದ್ರೆ ಎದುರಿನವ್ರು ಇವ್ರ ಡ್ರಾಯಿಂಗನ್ನೇ ಮುಂದೆ ಇಟ್ಕೊಂಡು ರೋಲರ್ ಕೊರೆದ್ರೂ ಆ ರೋಲರ್ ಮೇಲೆ ಕಾಪಿರೈಟ್ ಹಕ್ಕು ನಡಿಯಲ್ಲ. ಡ್ರಾಯಿಂಗ್ ಹಾಳೆಯನ್ನ ಜೆರಾಕ್ಸ್ ಮಾಡಿ ತಮ್ಮ ಕ್ಯಾಟಲಾಗ್‌ನಲ್ಲಿ ಹಾಕ್ಕೊಂಡ್ರೆ ಮಾತ್ರ ಅದು ಬೇರೆ ಮಾತು.

ಇದು ಇವತ್ತಿನ ವಿಚಾರ ಅಲ್ಲ. 1879ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟಿಗೆ ಇದೇ ಪ್ರಶ್ನೆ ಹೋಗಿತ್ತು. ಚಾರ್ಲ್ಸ್ ಸೆಲ್ಡನ್ ಅನ್ನೋರು ಲೆಕ್ಕ ಬರೆಯೋಕೆ ಒಂದು ಹೊಸ ಪದ್ಧತಿ ಕಂಡುಹಿಡಿದು, ಪೂರ್ತಿ ವ್ಯವಹಾರ ಒಂದೇ ಪುಟದಲ್ಲಿ ಅಥವಾ ಎದುರುಬದುರು ಎರಡು ಪುಟದಲ್ಲಿ ಕಾಣೋ ಹಾಗೆ ಕಾಲಮ್ ಹಾಕಿ, ಅದರ ಬಗ್ಗೆ ಪುಸ್ತಕ ಬರೆದು ಕಾಪಿರೈಟ್ ತಗೊಂಡಿದ್ರು. ಬೇಕರ್ ಅನ್ನೋರು ಕಾಲಮ್ ಜಾಗ, ತಲೆಬರಹ ಸ್ವಲ್ಪ ಬದಲಾಯಿಸಿ ಹೆಚ್ಚುಕಮ್ಮಿ ಅಂಥದ್ದೇ ಪದ್ಧತಿಯ ಲೆಕ್ಕದ ಪುಸ್ತಕ ಮಾರಿದ್ರು. ಕೋರ್ಟ್ ಹೇಳಿದ್ದು ಇಷ್ಟು, ಸೆಲ್ಡನ್ ಪದ್ಧತಿಯನ್ನ ಹೇಗೆ ವಿವರಿಸಿದ್ರೋ ಆ ಬರವಣಿಗೆ ಅವ್ರದ್ದು, ಆದ್ರೆ ಆ ಪದ್ಧತಿ ಬಳಸ್ಕೊಂಡು ಲೆಕ್ಕ ಬರೆಯೋ ಹಕ್ಕು ತಮಗೊಬ್ಬರಿಗೇ ಬೇಕು ಅಂದ್ರೆ ಅದು ಪೇಟೆಂಟ್‌ನಿಂದ ಸಿಗಬೇಕೇ ಹೊರತು ಪುಸ್ತಕದ ಕಾಪಿರೈಟಿಂದ ಸಿಗಲ್ಲ. ನನ್ನ ಪ್ರಕಾರ ಇದು ಸರಿಯಾದ ತೀರ್ಮಾನ. ಪೇಟೆಂಟ್ ಕೊಡೋಕೆ ಮುಂಚೆ ಅದು ನಿಜವಾಗ್ಲೂ ಹೊಸದಾ ಅಂತ ಸರ್ಕಾರ ಪರೀಕ್ಷೆ ಮಾಡತ್ತೆ, 20 ವರ್ಷ ಆದ್ಮೇಲೆ ಎಲ್ರಿಗೂ ಬಿಟ್ಟುಕೊಡತ್ತೆ. ಕಾಪಿರೈಟ್‌ಗೆ ಆ ಥರ ಹೊಸತನದ ಪರೀಕ್ಷೆ ಇಲ್ಲ, ಬರೆದ ತಕ್ಷಣ ಹುಟ್ಟತ್ತೆ, ರಿಜಿಸ್ಟ್ರೇಷನ್ ಕೂಡ ಕಡ್ಡಾಯ ಅಲ್ಲ, ಬರೆದವ್ರು ಬದುಕಿರೋವರೆಗೂ ಇದ್ದು ಸತ್ತ ಮೇಲೆ ಇನ್ನೂ 60 ವರ್ಷ ಇರತ್ತೆ. ಒಂದು ಮೆಷಿನ್ ಅಷ್ಟು ಕಾಲ ಒಂದೇ ಮನೆಯವ್ರ ಕೈಲಿ ಇದ್ರೆ ಅಡಿಕೆ ಬೆಳೆಯೋರ ಗತಿ ಏನು ಹೇಳಿ.

ಹಾಗಾದ್ರೆ ಈ ಕೇಸ್‌ನಲ್ಲಿ ಕಾಪಿರೈಟಿಂದ ಏನೂ ಆಗಲ್ವಾ ಅಂದ್ರೆ ಆಗತ್ತೆ. ಮೆಷಿನ್ ಜೊತೆ ಇವ್ರು ಒಂದು ಚಿಕ್ಕ ಪುಸ್ತಕ ಕೊಡ್ತಿದ್ರು, ಬೆಲ್ಟ್ ಬಿಗಿ ಮಾಡೋದು ಹೇಗೆ, ಯಾವಾಗ ಗ್ರೀಸ್ ಹಾಕ್ಬೇಕು, ಕಾಯಿ ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ಬೇಕು ಅಂತ, ತಾವೇ ಕೂತು ಬರೆದದ್ದು. ಎದುರಿನವ್ರ ಪುಸ್ತಕ ತರ್ಸಿ ಪಕ್ಕದಲ್ಲಿಟ್ಟು ಓದಿದೆ. ಪ್ಯಾರಾಗೆ ಪ್ಯಾರಾ ಅದೇ. ಇವ್ರ ಪುಸ್ತಕದಲ್ಲಿ ಒಂದು ಕಡೆ 'ಬೇರಿಂಗ್' ಅನ್ನೋದು 'ಬೇರಂಗ್' ಅಂತ ತಪ್ಪಾಗಿ ಅಚ್ಚಾಗಿತ್ತು, ಅವ್ರದ್ದರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಕಾಪಿರೈಟ್ ಕೇಸ್‌ನಲ್ಲಿ ಇಂಥದ್ದು ಬಹಳ ದೊಡ್ಡ ಸಾಕ್ಷಿ, ಯಾಕಂದ್ರೆ ಅಲ್ಲಿ ನಾವು ತೋರಿಸ್ಬೇಕಾಗಿರೋದು ಎದುರಿನವ್ರು ನಮ್ಮದನ್ನ ನೋಡಿ ಇಳಿಸಿದ್ರು ಅನ್ನೋದನ್ನ. ಅವ್ರು ತಾವಾಗೇ ಕೂತು ಬರೆದು ಹೋಲಿಕೆ ಆಕಸ್ಮಿಕವಾಗಿ ಬಂದಿದ್ರೆ ಅದು ಉಲ್ಲಂಘನೆನೇ ಅಲ್ಲ. ಪೇಟೆಂಟ್‌ನಲ್ಲಿ ಇದು ಪೂರ್ತಿ ಉಲ್ಟಾ, ಎದುರಿನವ್ರು ನಿಮ್ಮ ಮೆಷಿನ್ ಕಣ್ಣಲ್ಲೇ ನೋಡಿಲ್ಲ, ಸ್ವಂತವಾಗಿ ಕಂಡುಹಿಡಿದದ್ದು ಅಂತ ಪ್ರೂವ್ ಮಾಡಿದ್ರೂ ನಿಮ್ಮ ಪೇಟೆಂಟ್‌ನ ವ್ಯಾಪ್ತಿಯೊಳಗೆ ಬಂದ್ರೆ ನಿಲ್ಲಿಸ್ಲೇಬೇಕು. ಪೇಟೆಂಟ್‌ಗೆ ಅಷ್ಟು ಬಲ ಇರೋದ್ರಿಂದಾನೇ ಅದು ಅಷ್ಟು ಸುಲಭಕ್ಕೆ ಸಿಗಲ್ಲ.

ಆ ವ್ಯಾಪ್ತಿ ಎಲ್ಲಿರತ್ತೆ ಅಂದ್ರೆ ಯಾವುದರ ಮೇಲೆ ಹಕ್ಕು ಕೇಳ್ತಿದ್ದೀವಿ ಅಂತ ಅರ್ಜಿಯ ಕೊನೇಲಿ ಬರೆಯೋ ಕ್ಲೇಮ್‌ಗಳಲ್ಲಿ. ಇವ್ರ ಮೆಷಿನ್‌ಗೆ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದ್ರೆ ಕ್ಲೇಮ್ ಸುಮಾರಾಗಿ ಹೀಗಿರ್ತಿತ್ತು: "ಒಂದು ಫ್ರೇಮ್, ಆ ಫ್ರೇಮಿಗೆ ಕೂರಿಸಿದ ಸ್ಥಿರ ರೋಲರ್, ಅದಕ್ಕೆ ಸಮಾನಾಂತರವಾಗಿ ಸರಿದಾಡುವ ಎರಡನೇ ರೋಲರ್, ಮತ್ತು ಆ ಎರಡನೇ ರೋಲರನ್ನು ಕಾಯಿಯ ಕಡೆಗೆ ಒತ್ತುವ ಸಾಧನವನ್ನು ಹೊಂದಿರುವ ಅಡಿಕೆ ಸುಲಿಯುವ ಯಂತ್ರ." ಇಲ್ಲಿ 'ಒತ್ತುವ ಸಾಧನ' ಅಂತ ಬರೆದಿರೋದನ್ನ ಗಮನಿಸಿ. ಮೊದಲ ಕ್ಲೇಮ್‌ನಲ್ಲೇ 'ಸ್ಪ್ರಿಂಗ್' ಅಂತ ಬರೆದುಬಿಟ್ರೆ ಎದುರಿನವ್ರು ಸ್ಪ್ರಿಂಗ್ ತೆಗೆದು ತೂಕದ ಕಲ್ಲು ನೇತುಹಾಕಿ ನಮ್ಮದ್ರಲ್ಲಿ ಸ್ಪ್ರಿಂಗೇ ಇಲ್ವಲ್ಲ ಅಂತ ವಾದ ಮಾಡ್ತಾರೆ, ಕ್ಲೇಮ್‌ನಲ್ಲಿರೋ ಪ್ರತಿಯೊಂದು ಭಾಗನೂ ಎದುರಿನ ಮೆಷಿನ್‌ನಲ್ಲಿದೆ ಅಂತ ತೋರಿಸೋ ಜವಾಬ್ದಾರಿ ನಮ್ಮದು. ತುಂಬಾ ಅಗಲವಾಗಿ ಬರೆದ್ರೆ ಹಳೇ ಮೆಷಿನ್ ಯಾವುದೋ ಅದರೊಳಗೆ ಬಂದುಬಿಡತ್ತೆ, ಅರ್ಜಿ ಪರೀಕ್ಷೆ ಮಾಡೋ ಎಕ್ಸಾಮಿನರ್ ಹೊಸದಲ್ಲ ಅಂತ ಆಕ್ಷೇಪ ಎತ್ತುತ್ತಾರೆ. ಅದಕ್ಕೇ ಮೊದಲ ಕ್ಲೇಮ್ ಅಗಲ ಇಟ್ಟು, ಸ್ಪ್ರಿಂಗ್ ಅನ್ನೋದನ್ನ ಅದಕ್ಕೆ ಅಂಟಿಕೊಂಡ ಎರಡನೇ ಕ್ಲೇಮ್‌ನಲ್ಲಿ ಹೇಳ್ತೀವಿ, ಮೊದಲನೇದು ಬಿದ್ರೂ ಎರಡನೇದು ನಿಲ್ಲಲಿ ಅಂತ.

ಇವ್ರಿಗೆ ಈ ದಾರಿ ಮುಚ್ಚಿಹೋಗಿತ್ತು, ನನಗೆ ನಿಜಕ್ಕೂ ಬೇಜಾರಾಗಿದ್ದು ಇಲ್ಲೇ. ಅರ್ಜಿ ಹಾಕೋಕೆ ಮುಂಚೆನೇ ಮೆಷಿನ್ ಮಾರಿದ್ರು, ಕೃಷಿ ಮೇಳದಲ್ಲಿ ಇಟ್ಟಿದ್ರು, ಮುಚ್ಚಳ ತೆಗೆದು ರೋಲರ್ ಸರಿದಾಡೋದನ್ನ ಹತ್ತಿರದಿಂದ ತೋರಿಸಿ ಯೂಟ್ಯೂಬ್‌ಗೂ ಹಾಕಿದ್ರು. ನಮ್ಮ 1970ರ ಪೇಟೆಂಟ್ಸ್ ಆಕ್ಟ್‌ನಲ್ಲಿ ಅರ್ಜಿ ದಿನಕ್ಕಿಂತ ಮುಂಚೆ ಜನರಿಗೆ ಗೊತ್ತಾಗಿದ್ರೆ ಹೊಸತನ ಹೋಯ್ತು ಅಂತಾನೇ ಲೆಕ್ಕ, ಆ ಗೊತ್ತು ಮಾಡಿಸಿದವ್ರು ನೀವೇ ಆಗಿದ್ರೂ ಅಷ್ಟೇ. ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಇದೆ ಅಂತ ಕೆಲವರು ಹೇಳ್ತಾರೆ, ಅದು ಇರೋದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ನೋಟಿಫೈ ಮಾಡಿದ ಪ್ರದರ್ಶನಕ್ಕೆ, ನಮ್ಮೂರ ಮೇಳಕ್ಕೆಲ್ಲ ತಾನಾಗೇ ಅನ್ವಯ ಆಗಲ್ಲ.

ಮೇಳಕ್ಕೆ ಹೋಗೋ ಹಿಂದಿನ ವಾರ ಒಂದು ಪ್ರಾವಿಷನಲ್ ಅರ್ಜಿ, ಅಂದ್ರೆ ಪೂರ್ತಿ ಅರ್ಜಿಗೆ ಮುಂಚೆ ದಿನಾಂಕ ಹಿಡಿದಿಡೋಕೆ ಕೊಡೋ ತಾತ್ಕಾಲಿಕ ಅರ್ಜಿ, ಹಾಕಿದ್ರೂ ಸಾಕಿತ್ತು. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದ್ರೆ ಸರ್ಕಾರಿ ಫೀಸ್ 1600 ರೂಪಾಯಿ, ಕರ್ನಾಟಕದವ್ರದ್ದು ಚೆನ್ನೈ ಪೇಟೆಂಟ್ ಆಫೀಸಿನ ವ್ಯಾಪ್ತಿ. ಆ ದಿನಾಂಕ ಸಿಕ್ಕಿದ ಮೇಲೆ ವಿಡಿಯೋ ಹಾಕಿ, ಮಾರಿ, 12 ತಿಂಗಳೊಳಗೆ ಪೂರ್ತಿ ಅರ್ಜಿ ಕೊಟ್ರೆ ಆಯ್ತು. ಪ್ರಾವಿಷನಲ್‌ನಲ್ಲಿ ಬರೆಯದೇ ಇರೋದಕ್ಕೆ ಆ ದಿನಾಂಕ ಸಿಗಲ್ಲ, ಆದ್ದರಿಂದ ಎರಡು ಸಾಲು ಗೀಚಿ ಹಾಕಬೇಡಿ, ರೋಲರ್ ಹೇಗೆ ಸರಿಯತ್ತೆ ಅನ್ನೋದು ಅದ್ರಲ್ಲಿ ಇರ್ಲೇಬೇಕು. ಪರೀಕ್ಷೆ ಮಾಡಿ ಅಂತ ಬೇರೆ ಅರ್ಜಿ, ಬೇರೆ ಫೀಸ್ ಕೊಡ್ಬೇಕು, ಪೇಟೆಂಟ್ ಗ್ರಾಂಟ್ ಆಗೋವರೆಗೂ ಕೋರ್ಟಿಗೆ ಹೋಗೋ ಹಾಗಿಲ್ಲ, ಗ್ರಾಂಟ್ ಆದ್ಮೇಲೂ ವರ್ಷ ವರ್ಷ ರಿನ್ಯೂವಲ್ ಕಟ್ತಾ ಹೋಗ್ಬೇಕು.

ಮೆಷಿನ್‌ನ ಹೊರಗಿನ ಆಕಾರದ ಬಗ್ಗೆನೂ ಕೇಳಿದ್ರು. ಕೆಲಸಕ್ಕೆ ಸಂಬಂಧ ಇಲ್ಲದೆ ಕಣ್ಣಿಗೆ ಕಾಣೋ ರೂಪ ಆದ್ರೆ ಅದು ಡಿಸೈನ್ ರಿಜಿಸ್ಟ್ರೇಷನ್, ಮೂರನೇ ಕಾನೂನು. ಇಲ್ಲೂ ಕಾಪಿರೈಟ್ ನಂಬ್ಕೊಂಡು ಕೂತ್ರೆ ಕಷ್ಟ ಇದೆ: ಡಿಸೈನ್ ಆಗಿ ರಿಜಿಸ್ಟರ್ ಮಾಡಬಹುದಾದ ರೂಪವನ್ನ ರಿಜಿಸ್ಟರ್ ಮಾಡದೆ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದ್ರೆ ಆ ಡಿಸೈನ್ ಮೇಲಿನ ಕಾಪಿರೈಟ್ ಕೂಡ ಹೋಗತ್ತೆ. 2025ರ ಏಪ್ರಿಲ್‌ನಲ್ಲಿ ಎಲ್‌ಎನ್‌ಜಿ ಅನ್ನೋ ದ್ರವರೂಪದ ನೈಸರ್ಗಿಕ ಅನಿಲ ಸಾಗಿಸೋ ಟ್ರೈಲರ್‌ಗಳ ಡ್ರಾಯಿಂಗ್ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇದೇ ನಿಯಮ. ಅದು ಶುದ್ಧ ಕಲಾಕೃತಿನಾ ಇಲ್ಲ ಅದರಿಂದ ತಯಾರಿಕೆಗೆ ಇಳಿಸಿದ ಡಿಸೈನಾ, ಅದರಲ್ಲಿ ಮುಖ್ಯ ಆಗಿರೋದು ಉಪಯೋಗನಾ ನೋಟನಾ ಅಂತ ಒಂದೊಂದು ಕೇಸಲ್ಲೂ ನೋಡ್ಬೇಕು ಅಂತ ಕೋರ್ಟ್ ಹೇಳ್ತು.

ಕೊನೆಗೆ ನಾವು ಮಾಡಿದ್ದು ಎರಡು ಕೆಲಸ. ಇವ್ರು ಆಗ ತಾನೇ ಕಾಯಿ ಸುರಿಯೋ ಕಡೆ ಒಂದು ಸುಧಾರಣೆ ಮಾಡಿ ಮುಗಿಸಿದ್ರು, ಅದನ್ನ ಇನ್ನೂ ಯಾರಿಗೂ ತೋರಿಸಿರ್ಲಿಲ್ಲ, ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ವಿ. ಇವ್ರದ್ದೇ ಹಳೇ ವಿಡಿಯೋ ಈಗ ಇವ್ರ ವಿರುದ್ಧ ಹಳೇ ದಾಖಲೆ ಆಗಿ ನಿಲ್ಲತ್ತೆ, ಅದನ್ನ ನೋಡಿದ ಮಾತ್ರಕ್ಕೆ ಈ ಕೆಲಸ ಬಲ್ಲವ್ರಿಗೆ ಈ ಸುಧಾರಣೆ ಸುಮ್ಮನೆ ಹೊಳೆಯೋವಂಥದ್ದಲ್ಲ ಅಂತ ಎಕ್ಸಾಮಿನರ್‌ಗೆ ಒಪ್ಪಿಸ್ಬೇಕು. ಇನ್ನೊಂದು, ಪುಸ್ತಕ ನಕಲು ಮಾಡಿದ್ದಕ್ಕೆ ಕಾಪಿರೈಟ್ ನೋಟಿಸ್. ಅದನ್ನ ಬರೆಯೋಕೆ ಕೂತಾಗ ಇನ್ನೊಂದು ತೊಡಕು ಕಾಣಿಸ್ತು. ಬರಹ ಇವ್ರದ್ದು, ಫೋಟೋ ದುಡ್ಡು ಕೊಟ್ಟು ಸ್ಟುಡಿಯೋದವ್ರಿಂದ ತೆಗೆಸಿದ್ದು, ಬೇರೆ ಒಪ್ಪಂದ ಇಲ್ಲದಿದ್ರೆ ಕಾನೂನು ಪ್ರಕಾರ ಅದೂ ದುಡ್ಡು ಕೊಟ್ಟವ್ರದ್ದೇ. ಆದ್ರೆ ಪುಸ್ತಕದೊಳಗಿನ ಕ್ಯಾಡ್, ಅಂದ್ರೆ ಕಂಪ್ಯೂಟರ್‌ನಲ್ಲಿ ಬಿಡಿಸಿದ, ಡ್ರಾಯಿಂಗ್‌ಗಳನ್ನ ಮಾಡಿದ್ದು ಹೊರಗಿನ ಒಬ್ಬ ಹುಡುಗ, ನೌಕರ ಅಲ್ಲ, ಡ್ರಾಯಿಂಗಿಗೆ ಇಷ್ಟು ಅಂತ ದುಡ್ಡು ತಗೊಂಡವನು. ಫೋಟೋಗೆ ಇರೋ ನಿಯಮ ಇಂಥ ಡ್ರಾಯಿಂಗಿಗೆ ಇಲ್ಲ, ಬರವಣಿಗೆಯಲ್ಲಿ ವರ್ಗಾಯಿಸೋವರೆಗೆ ಅದರ ಕಾಪಿರೈಟ್ ಆ ಹುಡುಗನದ್ದು. ಸರ್ಟಿಫಿಕೇಟ್ ಮಾತ್ರ ಇವ್ರ ಹೆಸರಲ್ಲಿತ್ತು. ಹಾಗಾಗಿ ನೋಟಿಸ್‌ಗೆ ಮುಂಚೆ ಆ ಹುಡುಗನನ್ನ ಕರೆಸಿ ಅಸೈನ್‌ಮೆಂಟ್ ಪತ್ರ ಮಾಡಿಸಿದ್ವಿ, ಅದ್ರಲ್ಲಿ ಅವಧಿ ಎಷ್ಟು ಅಂತ ಪೂರ್ತಿ ಬರೆಸಿದ್ವಿ, ಯಾಕಂದ್ರೆ ಅವಧಿ ಬರೆಯದೆ ಬಿಟ್ರೆ ಕಾಪಿರೈಟ್ ಆಕ್ಟ್ ಪ್ರಕಾರ ಅದು ಬರೀ 5 ವರ್ಷಕ್ಕೆ ಕೊಟ್ಟ ಹಾಗೆ.