ಇಂಗ್ಲಿಷಿಗೆ ಹೊರಳಿದಾಗ ಕಳಚಿಬೀಳುವ ‘ಅಂತೆ’

ಕನ್ನಡದಲ್ಲಿ ಆರಂಭಿಸಿದ ಮಾತು ನಡುವೆ ಇಂಗ್ಲಿಷಿಗೆ ಹೊರಳಿದರೆ ಸಂದರ್ಭವೂ ಧಾಟಿಯೂ ಉಳಿಯುತ್ತವೆಯೇ ಎಂದು ದುಭಾಷಿಯಾದ ನನ್ನನ್ನು ಹಲವರು ಕೇಳುತ್ತಾರೆ. ಯಾವ ವಿಷಯದ ಮಾತು ಎಂಬುದು ಬಹುಪಾಲು ಉಳಿಯುತ್ತದೆ. ಆದರೆ ಆಡುವವರು ಆ ಮಾತಿಗೆ ಎಷ್ಟು ಹೊಣೆ ಹೊತ್ತಿದ್ದಾರೆ ಎಂಬುದು ಉಳಿಯುವುದೋ ಇಲ್ಲವೋ ಎನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಕ್ರಿಯಾಪದ.

ನಾನಿದ್ದ ಒಂದು ಸಭೆಯಲ್ಲಿ ಉಗ್ರಾಣದ ಮೇಲ್ವಿಚಾರಕರು, “ಲೋಡ್ ನಿನ್ನೆ ರಾತ್ರಿಯೇ ಡಿಸ್ಪ್ಯಾಚ್ ಆಗಿದೆಯಂತೆ ಸರ್” ಎಂದರು. ಈ ವಾಕ್ಯದಲ್ಲಿ ಇಂಗ್ಲಿಷ್ ಪದಗಳಿದ್ದರೂ ಕ್ರಿಯಾಪದ ಕನ್ನಡದ್ದೇ ಆಗಿರುವುದರಿಂದ, ಇದು ತಾವು ಕಂಡದ್ದಲ್ಲ, ಕೇಳಿದ್ದು ಎಂಬ ಎಚ್ಚರಿಕೆ ‘ಅಂತೆ’ಯಲ್ಲಿ ಸುರಕ್ಷಿತವಾಗಿತ್ತು. ಆಗ ಕನ್ನಡ ಬಾರದ ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಪ್ರಶ್ನಿಸಲು, ಮೇಲ್ವಿಚಾರಕರು ನನಗಾಗಿ ಕಾಯದೆ ತಾವೇ, “ಯೆಸ್ ಸರ್, ಇಟ್ ಹ್ಯಾಸ್ ಲೆಫ್ಟ್” ಎಂದುಬಿಟ್ಟರು. ಯಾವ ಲೋಡ್ ಎಂಬ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ, ಸಂದರ್ಭ ಪೂರ್ತಿ ದಾಟಿತ್ತು. ಆದರೆ ಕೇಳಿದ ಸುದ್ದಿ ಖಚಿತ ಹೇಳಿಕೆಯಾಗಿತ್ತು. ಸರಕು ಹೊರಟಿರಲೇ ಇಲ್ಲವೆಂದು ಮರುದಿನ ತಿಳಿದಾಗ ಅವರನ್ನು ಸುಳ್ಳುಗಾರರಂತೆ ಕಂಡದ್ದು ನನಗೆ ಇಂದಿಗೂ ನೋವಿನ ಸಂಗತಿ, ಏಕೆಂದರೆ ಅವರು ಕನ್ನಡದಲ್ಲಿ ಸುಳ್ಳು ಹೇಳಿರಲಿಲ್ಲ.

ಇದಕ್ಕೆ ಕಾರಣ ವ್ಯಾಕರಣದಲ್ಲಿದೆ. ಕನ್ನಡದಲ್ಲಿ ಕೇಳಿದ ಮಾತೆಂದು ಸೂಚಿಸಲು ಕ್ರಿಯಾಪದದ ಕೊನೆಗೆ ಒಂದು ಪ್ರತ್ಯಯ ಅಂಟಿಸಿದರೆ ಸಾಕು, ನಾವದನ್ನು ಯೋಚಿಸದೆಯೇ ಮಾಡುತ್ತೇವೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ಅದಕ್ಕೆ ಜಾಗವಿಲ್ಲ. ‘ಐ ಆಮ್ ಟೋಲ್ಡ್’ ಎಂದೋ ‘ದೇ ಸೇ’ ಎಂದೋ ಬೇರೆ ಮಾತನ್ನೇ ನೆನೆದು ಸೇರಿಸಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಅದೇ. ‘ನೀನು’, ‘ನೀವು’ಗಳ ಅಂತರವೂ ‘ಯೂ’ನಲ್ಲಿ ಹೀಗೆಯೇ ಅಳಿಸಿಹೋಗುತ್ತದೆಯಾದರೂ, ಒಂದು ‘ಸರ್’ ಅಥವಾ ದನಿಯ ಮೃದುತ್ವ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ‘ಅಂತೆ’ಗೆ ಅಂಥ ಆಸರೆಯಿಲ್ಲ.

‘ಅಂತೆ’ಗೆ ಇನ್ನೊಂದು ಮುಖವಿದೆ. “ನಾಳೆ ಖಂಡಿತ ಕೊಡ್ತಾನಂತೆ” ಎಂದು ದನಿ ಎಳೆದು ಹೇಳಿದರೆ ಅದು ವರದಿಯಲ್ಲ, ಅಪನಂಬಿಕೆ. ಇದನ್ನು ‘ಐ ಆಮ್ ಟೋಲ್ಡ್’ ಎಂದು ದಾಟಿಸಿದರೆ ಮೂಲ ಉಳಿದರೂ ಅನುಮಾನ ಉಳಿಯುವುದಿಲ್ಲ. ಅಂಥಲ್ಲಿ ‘ಬಟ್ ಐ ಡೌಟ್ ಇಟ್’ ಎಂದು ಬಿಡಿಸಿಯೇ ಹೇಳಬೇಕಾಗುತ್ತದೆ.

ಧಾಟಿ ಜಾರಿದ್ದನ್ನು ಗುರುತಿಸಲು ಮುಂದಿನ ಪ್ರಶ್ನೆಯನ್ನು ಗಮನಿಸುತ್ತೇನೆ. ಕೇಳುಗರು “ನಿಮಗೆ ಯಾರು ಹೇಳಿದರು?” ಎಂದರೆ ಸುದ್ದಿಗೆ ಬೇರೊಂದು ಮೂಲವಿದೆಯೆಂದು ಅವರಿಗೆ ತಿಳಿದಿದೆ, ನೇರವಾಗಿ “ಯಾವಾಗ ತಲುಪುತ್ತದೆ?” ಎಂದರೆ ಅವರು ಅದನ್ನು ಖಚಿತವೆಂದೇ ಹಿಡಿದಿರಬಹುದು. ಆಮೇಲೆ ಮಾತು ಕನ್ನಡಕ್ಕೆ ಮರಳಿದರೂ ಕಳಚಿದ ‘ಅಂತೆ’ ತಾನಾಗಿ ಮರಳುವುದಿಲ್ಲ. ಆದ್ದರಿಂದ ಆ ಕ್ಷಣದಲ್ಲೇ ಅನುಮತಿ ಕೇಳಿ ನಡುವೆ ಪ್ರವೇಶಿಸಿ, “ಇದು ಅವರು ಬೇರೆಯವರಿಂದ ಕೇಳಿದ ಸುದ್ದಿ” ಎಂದು ಎರಡೂ ಭಾಷೆಗಳಲ್ಲಿ ಹೇಳುತ್ತೇನೆ.