ಅರವತ್ತೆರಡೂವರೆ ಪರ್ಸೆಂಟ್ ಎಲ್ಲಿಂದ ಬಂತು?

ದಾವಣಗೆರೆಯಲ್ಲಿ ಮಾರ್ಕೆಟಿಂಗ್ ಪಾಠ ಮಾಡುವ ನನಗೆ ವರ್ಷಕ್ಕೊಮ್ಮೆ ಡಿಸರ್ಟೇಶನ್ ವೈವಾದ ಕಾಲ ಬರುತ್ತದೆ. ಎಂಬಿಎ ಮಕ್ಕಳು ಆ ವಾರ ಕಾರಿಡಾರ್‌ನಲ್ಲಿ ನಿಂತು ಬಾಯಿಪಾಠ ಮಾಡುವುದು ವ್ಯಾಖ್ಯಾನಗಳನ್ನು. ಮಾರ್ಕೆಟಿಂಗ್ ಎಂದರೇನು, ಸ್ಯಾಂಪ್ಲಿಂಗ್‌ನಲ್ಲಿ ಎಷ್ಟು ವಿಧ, ಹೀಗೆ. ಎಕ್ಸ್‌ಟರ್ನಲ್ ಆಗಿ, ಅಂದರೆ ಹೊರಗಿನ ಪರೀಕ್ಷಕರಾಗಿ ಬಂದವರು ಅದನ್ನು ಕೇಳುವುದು ಕಡಿಮೆ. ಅವರು ಪುಸ್ತಕ ತಿರುವಿ, ಒಂದು ಕೋಷ್ಟಕದ ಮೇಲೆ ಬೆರಳಿಟ್ಟು, "ಈ ಅಂಕಿ ಎಲ್ಲಿಂದ ಬಂತು?" ಅಂತ ಕೇಳುತ್ತಾರೆ. ಮೆಥಡಾಲಜಿ, ಮಿತಿಗಳು ಎರಡೂ ಆ ಒಂದು ಪ್ರಶ್ನೆಯೊಳಗೇ ಇರುತ್ತವೆ.

ಹಿಂದೊಮ್ಮೆ ಜಗಳೂರು ಕಡೆಯ ಒಬ್ಬ ಹುಡುಗಿ ವೈವಾಕ್ಕೆ ಹದಿನೈದು ದಿನ ಇರುವಾಗ ನನ್ನ ಹತ್ತಿರ ಬಂದಳು. ವಿಷಯ: ಬಟ್ಟೆ ಅಂಗಡಿಗಳ ಇನ್‌ಸ್ಟಾಗ್ರಾಮ್ ರೀಲ್ಸ್‌ನಿಂದ ಊರಿನ ಹೆಣ್ಣುಮಕ್ಕಳ ಸೀರೆ ಖರೀದಿ ಮೇಲೆ ಆಗುವ ಪ್ರಭಾವ. ಒಟ್ಟು 120 ಜನ ಉತ್ತರ ಕೊಟ್ಟಿದ್ದರು. ಅದರಲ್ಲಿ 75 ಜನ ಅಂಗಡಿಗೆ ಹೋಗುವ ಮೊದಲು ರೀಲ್ಸ್ ನೋಡಿದ್ದರು. ಅಂದರೆ ನೂರಕ್ಕೆ 62.5. ಇದೇ ಅವಳ ಮೊದಲನೆಯ ಫಲಿತಾಂಶ, ದಪ್ಪಕ್ಷರದಲ್ಲಿ.

"120 ಯಾಕೆ?" ಅಂತ ಕೇಳಿದೆ.

"ಮೇಡಂ, ಫಾರ್ಮುಲಾ ಪ್ರಕಾರ 384 ಬರುತ್ತೆ. ಟೈಮ್ ಸಾಲಲಿಲ್ಲ, ಅದಕ್ಕೆ 120."

ಈ ಉತ್ತರ ಕೇಳಿದರೆ ಎಕ್ಸ್‌ಟರ್ನಲ್‌ಗೆ ಖುಷಿ. ಎರಡು ತಪ್ಪು ಒಟ್ಟಿಗೆ ಸಿಕ್ಕವಲ್ಲ! 384 ಬರುವುದು ಹೀಗೆ:

```
n = z² × p × q / e²
  = 1.96² × 0.5 × 0.5 / 0.05²
  = 384.16
```

z ಅಂದರೆ 95% ನಂಬಿಕೆಗೆ 1.96, e ಅಂದರೆ ಆಚೀಚೆ 5% ತಪ್ಪಿಗೆ ಅವಕಾಶ, p ಮತ್ತು q ಮೊದಲೇ ಗೊತ್ತಿಲ್ಲದ್ದರಿಂದ ಅರ್ಧರ್ಧ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕದಲ್ಲೂ ಹತ್ತು ಲಕ್ಷ ಜನಸಂಖ್ಯೆಗೆ ಇದೇ 384 ಇದೆ. ಆದರೆ ಈ ಲೆಕ್ಕ ನಿಲ್ಲುವುದು ಒಂದು ಷರತ್ತಿನ ಮೇಲೆ. ಊರಿನ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇರಬೇಕು, ಆಯ್ಕೆ ಚೀಟಿ ಎತ್ತಿದ ಹಾಗೆ ಆಗಬೇಕು. ಇವಳು ಮಾಡಿದ್ದು ಕನ್ವೀನಿಯನ್ಸ್ ಸ್ಯಾಂಪ್ಲಿಂಗ್. ಸಿಕ್ಕವರನ್ನು ಕೇಳಿದ್ದು. ಅಲ್ಲಿ 384 ಜನರನ್ನು ಕೇಳಿದ್ದರೂ ಆ 5% ಅನ್ನುವ ಮಾತು ಬಾಯಿಗೆ ತರುವ ಹಾಗಿಲ್ಲ. ಮಂಡಕ್ಕಿ ಕಲಸದೆ ಮೇಲಿಂದ ತೆಗೆದರೆ ಖಾರವೇ ಬಾಯಿಗೆ ಬರುತ್ತದೆ, ಒಂದು ಹಿಡಿ ತಗೊಂಡರೂ ಅಷ್ಟೇ, ಮೂರು ಹಿಡಿ ತಗೊಂಡರೂ ಅಷ್ಟೇ.

ಹಾಗಾದರೆ 120ಕ್ಕೆ ಏನು ಹೇಳುವುದು? ನಿಜ ಹೇಳುವುದು. "ಇದು ಕನ್ವೀನಿಯನ್ಸ್ ಸ್ಯಾಂಪಲ್, ಆದ್ದರಿಂದ ಆ ಫಾರ್ಮುಲಾ ನನಗೆ ಅನ್ವಯಿಸುವುದಿಲ್ಲ. ಎರಡು ಗುಂಪುಗಳನ್ನು ಹೋಲಿಸಿ ನೋಡುವಷ್ಟು ಜನ ಬೇಕಿತ್ತು, ಒಂದೂವರೆ ತಿಂಗಳಲ್ಲಿ 120 ಸಿಕ್ಕರು." ಇಷ್ಟು ಸಾಕು. ಟೈಮ್ ಸಾಲಲಿಲ್ಲ ಅನ್ನುವುದು ಸುಳ್ಳಲ್ಲ, ಆದರೆ ಪರೀಕ್ಷಕರು ಕೇಳಿದ್ದು ಅದನ್ನಲ್ಲ.

ಮುಂದಿನ ಪ್ರಶ್ನೆ ಇನ್ನೂ ಮುಖ್ಯ. ಆ 120 ಜನ ಸಿಕ್ಕಿದ್ದು ಎಲ್ಲಿ? 84 ಫಾರ್ಮ್ ವಾಟ್ಸಾಪ್ ಗುಂಪುಗಳಿಂದ ಬಂದಿದ್ದವು. ಗೂಗಲ್ ಫಾರ್ಮ್ ಲಿಂಕನ್ನು ಕಾಲೇಜಿನ ಗುಂಪು, ಅಕ್ಕನ ಆಫೀಸಿನ ಗುಂಪುಗಳಿಗೆ ಹಾಕಿದ್ದಳು. ಉಳಿದ 36 ಜನರನ್ನು ಮಂಡಿಪೇಟೆಯಲ್ಲಿ ಅಂಗಡಿಗಳ ಮುಂದೆ ನಿಂತು ಕಾಗದದಲ್ಲಿ ಕೇಳಿ ಬರೆದುಕೊಂಡಿದ್ದಳು. ಇದು ಅವಳ ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗಿದಿತ್ತು. ಅಲ್ಲೇ ಕೂರಿಸಿ, ಎರಡನ್ನೂ ಬೇರೆ ಮಾಡಿ ಎಣಿಸು ಅಂದೆ. ಅರ್ಧ ಗಂಟೆ ಆಯಿತು. ವಾಟ್ಸಾಪ್‌ನ 84ರಲ್ಲಿ ರೀಲ್ಸ್ ನೋಡಿದವರು 63, ಅಂದರೆ 75%. ಮಂಡಿಪೇಟೆಯ 36ರಲ್ಲಿ 12, ಅಂದರೆ 33%.

ಅವಳ ಮುಖ ಸಣ್ಣದಾಯಿತು. "ಮೇಡಂ, ಹಂಗಾದ್ರೆ 62.5 ಸುಳ್ಳಾ?"

ಸುಳ್ಳಲ್ಲ. ಅದು ಅವಳ 120 ಜನರ ಅಂಕಿ, ಊರಿನ ಅಂಕಿ ಅಲ್ಲ, ಅಷ್ಟೇ. ವಾಟ್ಸಾಪ್‌ನಲ್ಲಿ 36, ಬೀದಿಯಲ್ಲಿ 84 ಜನರನ್ನು ಕೇಳಿದ್ದರೆ? ಅದೇ ದರದಲ್ಲಿ 27 ಮತ್ತು 28, ಒಟ್ಟು 55 ಜನ. ಸುಮಾರು 46%. ಊರು ಬದಲಾಗಿಲ್ಲ, ಸೀರೆ ಬದಲಾಗಿಲ್ಲ, ಫಾರ್ಮ್ ಎಲ್ಲಿಂದ ಎಷ್ಟು ಬಂತು ಅನ್ನುವುದು ಮಾತ್ರ ಬದಲಾಯಿತು. ಮೊಬೈಲ್ ಬಳಕೆಯ ಬಗ್ಗೆ ಮೊಬೈಲ್‌ನಲ್ಲೇ ಕೇಳಿದರೆ ಅಂಕಿ ಮೇಲಕ್ಕೇ ಹೋಗುತ್ತದೆ, ಅಲ್ವಾ?

ಎರಡನೆಯ ಫಲಿತಾಂಶ ಸಹಸಂಬಂಧದ್ದು. ರೀಲ್ಸ್ ಎಷ್ಟು ನೋಡುತ್ತಾರೆ ಅನ್ನುವುದಕ್ಕೂ ಖರೀದಿಸುವ ಮನಸ್ಸಿಗೂ ನಡುವೆ 0.52 ಅಂತ ಬರೆದಿದ್ದಳು. ಅದನ್ನೂ ಬೇರೆ ಬೇರೆ ಮಾಡಿದಾಗ ವಾಟ್ಸಾಪ್ ಗುಂಪಿನಲ್ಲಿ 0.41, ಬೀದಿಯವರಲ್ಲಿ 0.38 ಬಂತು. ಎರಡೂ 0.52ಕ್ಕಿಂತ ಕಡಿಮೆ. ಇದು ಹೇಗೆ? ವಾಟ್ಸಾಪ್‌ನವರು ನೋಡುವುದೂ ಜಾಸ್ತಿ, ಕೊಳ್ಳುವ ಮನಸ್ಸೂ ಜಾಸ್ತಿ. ಬೀದಿಯವರದು ಎರಡೂ ಕಡಿಮೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಚುಕ್ಕಿ ಇಟ್ಟರೆ ಕೆಳಗೊಂದು ಗುಡ್ಡೆ, ಮೇಲೊಂದು ಗುಡ್ಡೆ. ಆ ಎರಡು ಗುಡ್ಡೆಗಳ ನಡುವಿನ ಅಂತರವೇ ಸಂಬಂಧದ ಹಾಗೆ ಕಾಣಿಸುತ್ತದೆ. 0.52ರ ವರ್ಗ ಸುಮಾರು 27%, ಅಂದರೆ ಖರೀದಿ ಮನಸ್ಸಿನ ಏರಿಳಿತದಲ್ಲಿ ಅಷ್ಟು ಪಾಲು ರೀಲ್ಸ್ ನೋಡುವುದರ ಜೊತೆ ಸಾಗುತ್ತದೆ. 0.41ರ ವರ್ಗ 17% ಅಷ್ಟೇ. ಸುಮಾರು ಹತ್ತು ಪರ್ಸೆಂಟ್ ವಿವರಣೆ ಫಾರ್ಮ್ ಹಂಚಿದ ರೀತಿಯಿಂದಲೇ ಬಂದಿತ್ತು.

ಇದರಲ್ಲಿ ಅವಳಿಗೆ ಒಳ್ಳೆಯ ಸುದ್ದಿಯೂ ಇತ್ತು. ಎರಡು ಗುಂಪಿನಲ್ಲೂ ಸಂಬಂಧ ಒಂದೇ ದಿಕ್ಕಿನಲ್ಲಿದೆ, ಹೆಚ್ಚು ಕಡಿಮೆ ಒಂದೇ ಗಾತ್ರದಲ್ಲಿದೆ. ಅಂದರೆ ಪರ್ಸೆಂಟಿಗಿಂತ ಈ ಫಲಿತಾಂಶ ಗಟ್ಟಿ. ಪೂರ್ತಿ ಗಟ್ಟಿ ಅಲ್ಲ. 36 ಜನರಲ್ಲಿ ಸಿಕ್ಕ 0.38ರ 95% ವ್ಯಾಪ್ತಿ ಸರಿಸುಮಾರು 0.06ರಿಂದ 0.63ರವರೆಗೆ ಹರಡುತ್ತದೆ. ಅದನ್ನೂ ಹೇಳಿಬಿಡಬೇಕು.

ಈಗ ಅವಳ ಮಿತಿಗಳ ಪುಟಕ್ಕೆ ಬಂದೆವು. ಅಲ್ಲಿ ಇದ್ದದ್ದು ಎಲ್ಲರ ಪುಸ್ತಕದಲ್ಲೂ ಇರುವ ನಾಲ್ಕು ಸಾಲು: ಸಮಯ ಕಡಿಮೆ, ಹಣ ಕಡಿಮೆ, ದಾವಣಗೆರೆಗೆ ಮಾತ್ರ ಸೀಮಿತ, ಉತ್ತರಗಳಲ್ಲಿ ಪಕ್ಷಪಾತ ಇರಬಹುದು. ಈ ಪುಟ ಹಳೇ ಬ್ಯಾಚಿನಿಂದ ಹೊಸ ಬ್ಯಾಚಿಗೆ ಹಾಗೇ ಸಾಗಿ ಬರುತ್ತದೆ ಅನ್ನುವುದು ನಮಗೂ ಗೊತ್ತು, ಎಕ್ಸ್‌ಟರ್ನಲ್‌ಗೂ ಗೊತ್ತು. ದಾವಣಗೆರೆಗೆ ಸೀಮಿತ ಅನ್ನುವುದು ಮಿತಿಯೇ ಅಲ್ಲ, ಶೀರ್ಷಿಕೆಯಲ್ಲೇ ಊರಿನ ಹೆಸರಿದೆಯಲ್ಲ! ಅದು ಅಧ್ಯಯನದ ವ್ಯಾಪ್ತಿ. ಪಕ್ಷಪಾತ ಇರಬಹುದು ಅಂದರೆ ಯಾವ ಕಡೆಗೆ? ಯಾವ ಅಂಕಿಯಲ್ಲಿ? ಅದು ಹೇಳದಿದ್ದರೆ ಆ ಸಾಲು ಸುಮ್ನೆ ಜಾಗ ತುಂಬಿಸಿದ ಹಾಗೆ.

ಅವಳು ಹೊಸದಾಗಿ ಹೇಳಲು ಕಲಿತದ್ದು ಇದು: "ನನ್ನ ಉತ್ತರಗಳಲ್ಲಿ 84 ಆನ್‌ಲೈನ್ ಫಾರ್ಮ್‌ನಿಂದ ಬಂದವು. ಅವರಲ್ಲಿ 75% ರೀಲ್ಸ್ ನೋಡಿದ್ದಾರೆ, ನೇರವಾಗಿ ಕೇಳಿದವರಲ್ಲಿ 33%. ಆದ್ದರಿಂದ ಕೋಷ್ಟಕದ 62.5% ಊರಿನ ನಿಜವಾದ ಪ್ರಮಾಣಕ್ಕಿಂತ ಹೆಚ್ಚಿರುವ ಸಾಧ್ಯತೆ ಇದೆ. ಒಟ್ಟು ಸಹಸಂಬಂಧ 0.52 ಕೂಡ ಇದೇ ಕಾರಣಕ್ಕೆ ಉಬ್ಬಿದೆ, ಗುಂಪಿನೊಳಗೆ ಅದು 0.4ರ ಆಸುಪಾಸು." ಮಿತಿ ಎಲ್ಲಿಂದ ಬಂತು, ಯಾವ ಅಂಕಿಯನ್ನು ಯಾವ ಕಡೆ ಎಳೆಯಿತು, ಉಳಿದದ್ದು ಏನು, ಎಲ್ಲ ಇದೆ. ಪುಸ್ತಕ ಆಗಲೇ ಬೈಂಡ್ ಆಗಿತ್ತು. ಅದಕ್ಕೆ ಈ ಬೇರೆ ಮಾಡಿದ ಕೋಷ್ಟಕವನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಜೊತೆಗೆ ಇಟ್ಟುಕೊಳ್ಳಲು ಹೇಳಿದೆ. ಕೇಳುವ ಮೊದಲೇ ಕೊಡಬಾರದು. ಸ್ಯಾಂಪಲ್ ಪ್ರಶ್ನೆ ಬಂದಾಗ ತೆಗೆಯಬೇಕು.

"ಪ್ರಭಾವ" ಅನ್ನುವ ಪದದ ಮೇಲೂ ಪ್ರಶ್ನೆ ಬರುವುದು ಖಂಡಿತ. ಒಂದೇ ಸಲ, ಒಂದೇ ಫಾರ್ಮ್‌ನಲ್ಲಿ ಕೇಳಿದ ಸಮೀಕ್ಷೆಯಿಂದ ಪ್ರಭಾವ ಗೊತ್ತಾಗುವುದಿಲ್ಲ. ಮದುವೆಗೆ ಸೀರೆ ತೆಗೆಯಬೇಕು ಅಂತ ಮೊದಲೇ ನಿರ್ಧರಿಸಿದವಳು ರೀಲ್ಸ್ ಹುಡುಕಿಕೊಂಡು ನೋಡಿರಬಹುದು. ಆಗ ಖರೀದಿಯೇ ಕಾರಣ, ರೀಲ್ಸ್ ಪರಿಣಾಮ. ಶೀರ್ಷಿಕೆ ನೋಂದಣಿಯಾಗಿರುತ್ತದೆ, ಬದಲಿಸಲು ಬರುವುದಿಲ್ಲ. ಬಾಯಲ್ಲಿ ಮಾತ್ರ "ಸಂಬಂಧ ಕಂಡುಬಂದಿದೆ, ಕಾರಣ ಯಾವುದು ಎಂದು ಈ ವಿಧಾನದಿಂದ ಹೇಳಲಾಗದು" ಅನ್ನಬೇಕು. ಇಲ್ಲಿ ವಾದಕ್ಕೆ ನಿಂತವರು ಸೋತದ್ದನ್ನೇ ನಾನು ನೋಡಿದ್ದು.

ಅವಳ ಫೈಲಿನಲ್ಲಿ ನನಗೆ ಕಂಡ ಇನ್ನೊಂದು ವಿಷಯ ಕ್ರೋನ್‌ಬ್ಯಾಕ್ ಆಲ್ಫಾ, ಒಂದೇ ವಿಷಯದ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ. ಖರೀದಿ ಮನಸ್ಸಿನ ನಾಲ್ಕು ಪ್ರಶ್ನೆಗಳಿಗೆ ಮೊದಲು 0.48 ಬಂದಿತ್ತಂತೆ. ಸಾಮಾನ್ಯವಾಗಿ 0.7 ಕೇಳುತ್ತಾರೆ. ಲೆಕ್ಕ ಹಾಕುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ನಲ್ಲಿ ಪ್ರತಿ ಪ್ರಶ್ನೆ ಉಳಿದವುಗಳ ಜೊತೆ ಹೇಗೆ ಸಾಗುತ್ತದೆ ಅಂತ ತೋರಿಸುವ `Corrected Item-Total Correlation` ಕಾಲಂ ನೋಡಿದರೆ ಒಂದು ಪ್ರಶ್ನೆಯ ಮುಂದೆ ಮೈನಸ್ ಇತ್ತು. "ರೀಲ್ಸ್ ನೋಡಿ ಸೀರೆ ಕೊಳ್ಳುವುದನ್ನು ನಾನು ನಂಬುವುದಿಲ್ಲ" ಅನ್ನುವ ಪ್ರಶ್ನೆ. ಉಳಿದ ಮೂರಕ್ಕೆ ಇದು ಉಲ್ಟಾ. ಉತ್ತರ 1ರಿಂದ 5ರವರೆಗಿನ ಅಂಕದಲ್ಲಿರುವುದರಿಂದ ಅದನ್ನು 6ರಿಂದ ಕಳೆದು ತಿರುಗಿಸಬೇಕಿತ್ತು: 5 ಇದ್ದದ್ದು 1, 4 ಇದ್ದದ್ದು 2. ತಿರುಗಿಸಿದ ಮೇಲೆ 0.74 ಆಯಿತು. ಅವಳು ಇದನ್ನು ಗೈಡ್ ಹೇಳಿ ಸರಿ ಮಾಡಿಕೊಂಡಿದ್ದಳು, ಸಹಸಂಬಂಧವನ್ನೂ ಮತ್ತೆ ಲೆಕ್ಕ ಹಾಕಿದ್ದಳು. ಆದರೆ ಯಾಕೆ ಅಂತ ಕೇಳಿದರೆ ಗೊತ್ತಿರಲಿಲ್ಲ. ಮೈನಸ್ ಕಂಡ ತಕ್ಷಣ ಪ್ರಶ್ನೆಯನ್ನೇ ಕಿತ್ತುಹಾಕುವವರು ಇದ್ದಾರೆ. ಆಲ್ಫಾ ಏರುತ್ತದೆ, ಕಿತ್ತದ್ದು ಯಾಕೆ ಅಂದರೆ ಉತ್ತರ ಇರುವುದಿಲ್ಲ.

ವೈವಾ ದಿನ ನಾನು ಒಳಗಿದ್ದೆ. ಎಕ್ಸ್‌ಟರ್ನಲ್ ಸರ್ ಎರಡೇ ನಿಮಿಷದಲ್ಲಿ 62.5ಕ್ಕೆ ಬಂದರು. ಅವಳು ಹಾಳೆ ತೆಗೆದು ಮುಂದಿಟ್ಟಳು. ಅವರು ಕನ್ನಡಕ ಮೇಲೆತ್ತಿ ಓದಿ, "ಇದನ್ನ ಮತ್ತೆ ಮಾಡಿದರೆ ಹೆಂಗ್ ಮಾಡ್ತೀಯಮ್ಮಾ?" ಅಂದರು.

"ಸರ್, ಫಾರ್ಮ್ ಕಳಿಸೋದು ಬಿಡ್ತೀನಿ. ದೊಡ್ಡದು ಮೂರು, ಸಣ್ಣದು ಮೂರು ಅಂಗಡಿ ಆರಿಸ್ಕೊಂಡು, ಹೊರಗೆ ಬರೋರಲ್ಲಿ ಪ್ರತಿ ಐದನೆಯವರನ್ನ ಕೇಳ್ತೀನಿ. ಭಾನುವಾರ ಒಂದಿನ, ವಾರದ ಮಧ್ಯೆ ಒಂದಿನ."

"ಆಗ ಯಾರು ಬಿಟ್ಟುಹೋಗ್ತಾರೆ?"

ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ರೀಲ್ಸ್ ನೋಡಿ ವಾಟ್ಸಾಪ್‌ನಲ್ಲೇ ಆರ್ಡರ್ ಮಾಡೋರು, ಸರ್. ಅವರು ಅಂಗಡಿ ಬಾಗಿಲಿಗೆ ಬರೋದೇ ಇಲ್ಲ. ಈ ಸಲ ಅಂಕಿ ಕಡಿಮೆ ಕಡೆಗೆ ಹೋಗುತ್ತೆ."

ಸರ್ ಪುಸ್ತಕ ಮುಚ್ಚಿ, ಮುಂದಿನವರನ್ನು ಕರೆಯಿರಿ ಅಂದರು.