ಹೆಬ್ಬೆರಳಿಗೆ ಸಿಗುವ ಬಟನ್: ಯೂನಿಟಿಯಲ್ಲಿ ಟಚ್ ಕಂಟ್ರೋಲ್ ಅಳತೆಯ ಟಿಪ್ಪಣಿ

ಇಲ್ಲಿ ತಗೊಂಡಿರೋದು ಫೋನನ್ನು ಅಡ್ಡ ಹಿಡಿದು ಎರಡು ಹೆಬ್ಬೆರಳಲ್ಲಿ ಆಡುವ ಓಡು-ಜಿಗಿ-ಹೊಡೆ ಗೇಮ್. ಎಡಗಡೆ ಜಾಯ್‌ಸ್ಟಿಕ್, ಬಲಗಡೆ ಜಿಗಿತ ಮತ್ತು ಹೊಡೆತದ ಬಟನ್. ಕ್ಯಾನ್ವಾಸ್ ಮಾಡೋದು, ಬಟನ್ ಹಾಕೋದು ಗೊತ್ತಿದೆ ಅಂದುಕೊಂಡು ಅಳತೆಯಿಂದಲೇ ಶುರು ಮಾಡೋಣ.

ಎಷ್ಟು ದೊಡ್ಡದು? ಮಿಲಿಮೀಟರಿನಲ್ಲಿ ಯೋಚಿಸಿ

ಬೆರಳಿಗೆ ಪಿಕ್ಸೆಲ್ ಲೆಕ್ಕ ಗೊತ್ತಿಲ್ಲ. ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಲ್ಲಿ ಒತ್ತುವವರ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂಟಿ ಗುರಿಗೆ 9.2 ಮಿಮೀ, ಸಾಲಾಗಿ ಒತ್ತುತ್ತಾ ಹೋಗುವ ಗುರಿಗಳಿಗೆ 9.6 ಮಿಮೀ ಇದ್ದರೆ ಸಾಕು ಎಂದಿತ್ತು. ಆದರೆ ಅದು ಬಟನ್ ನೋಡಿಕೊಂಡು ಒತ್ತುವವರ ಲೆಕ್ಕ. ಗೇಮ್ ಆಡುವವರ ಕಣ್ಣು ಪಾತ್ರದ ಮೇಲಿರುತ್ತದೆ, ಬಟನ್ ಮೇಲಲ್ಲ. ಹಾಗಾಗಿ ಮುಖ್ಯ ಬಟನ್‌ಗೆ 12 ಮಿಮೀ ವ್ಯಾಸ ಇಟ್ಟು ಶುರು ಮಾಡುವುದು ಕ್ಷೇಮ.

ಈಗ ತೊಂದರೆ. `Canvas Scaler`ನಲ್ಲಿ ಎಲ್ಲರೂ `Scale With Screen Size` ಆರಿಸಿ, 1920×1080 ಕೊಟ್ಟು, `Match` ಅನ್ನು ಎತ್ತರದ ಕಡೆಗೆ ತಳ್ಳುತ್ತಾರೆ. ಅಲ್ಲಿ 160 ಯೂನಿಟ್‌ನ ಬಟನ್ ಹಾಕಿದಿರಿ ಅನ್ನಿ. 6.5 ಇಂಚಿನ 2400×1080 ಫೋನಿನಲ್ಲಿ ಇಂಚಿಗೆ ಸುಮಾರು 405 ಪಿಕ್ಸೆಲ್, ಅಂದರೆ ಬಟನ್ 10 ಮಿಮೀ. ಪರವಾಗಿಲ್ಲ. ಅದೇ ಬಟನ್ 10.4 ಇಂಚಿನ 2000×1200 ಟ್ಯಾಬ್ಲೆಟ್‌ನಲ್ಲಿ 20 ಮಿಮೀ ಆಗಿಬಿಡುತ್ತದೆ. ಬರೀ ದಪ್ಪ ಆಗಿದ್ದರೆ ಸಹಿಸಬಹುದಿತ್ತು. ಅಂಚಿನಿಂದ ಅದರ ದೂರವೂ ದುಪ್ಪಟ್ಟಾಗಿ, ಹೆಬ್ಬೆರಳು ಅಲ್ಲಿಗೆ ಹೋಗುವುದೇ ಇಲ್ಲ. ಸ್ಕ್ರೀನ್ ದೊಡ್ಡದಾದರೆ ಬೆರಳೇನು ಉದ್ದ ಆಗುತ್ತದೆಯೇ?

ಆದ್ದರಿಂದ ಉಳಿದ ಮೆನು ಹೇಗಾದರೂ ಹಿಗ್ಗಲಿ, ಆಟದ ಬಟನ್‌ಗಳನ್ನು ಮಾತ್ರ ಮಿಲಿಮೀಟರಿನಿಂದ ಲೆಕ್ಕ ಹಾಕಿ:

```csharp
float dpi = Screen.dpi > 0 ? Screen.dpi : 320f;
float px = mm / 25.4f * dpi;
rect.sizeDelta = Vector2.one * (px / canvas.scaleFactor);
```

ಮೂರನೇ ಸಾಲಿನ ಭಾಗಾಕಾರವೇ ಎಲ್ಲರೂ ಎಡವುವ ಜಾಗ, ನಿಧಾನಕ್ಕೆ ನೋಡಿ. `px` ಎಂಬುದು ಸ್ಕ್ರೀನಿನ ನಿಜವಾದ ಪಿಕ್ಸೆಲ್. `sizeDelta` ಕೇಳುವುದು ಕ್ಯಾನ್ವಾಸಿನ ಯೂನಿಟ್. ಎರಡರ ನಡುವಿನ ಅನುಪಾತವೇ `scaleFactor`. 1080 ಎತ್ತರದ ಫೋನಿನಲ್ಲಿ ಈ ಅನುಪಾತ ಸರಿಯಾಗಿ 1. ಹಾಗಾಗಿ ಭಾಗಿಸುವುದನ್ನು ಮರೆತರೂ ಅಲ್ಲಿ ಏನೂ ತಪ್ಪು ಕಾಣುವುದಿಲ್ಲ! ಇನ್ನು 6.5 ಇಂಚಿನದೇ, ಆದರೆ 1600×720 ಇರುವ ಅಗ್ಗದ ಫೋನ್ ತಗೊಳ್ಳಿ. ಇಂಚಿಗೆ 270 ಪಿಕ್ಸೆಲ್, 12 ಮಿಮೀ ಅಂದರೆ 128 ಪಿಕ್ಸೆಲ್. ಅನುಪಾತ 0.667. ಭಾಗಿಸಿದರೆ 191 ಯೂನಿಟ್, ಅದೇ ಸರಿ. ಭಾಗಿಸದೆ 128 ಎಂದೇ ಕೊಟ್ಟರೆ ಕ್ಯಾನ್ವಾಸ್ ಅದನ್ನು ಮತ್ತೆ 0.667ರಿಂದ ಗುಣಿಸಿ 85 ಪಿಕ್ಸೆಲ್ ಮಾಡುತ್ತದೆ: 8 ಮಿಮೀ. "ನನ್ನ ಫೋನಿನಲ್ಲಿ ಸರಿ ಇದೆ, ಬೇರೆಯವರ ಫೋನಿನಲ್ಲಿ ಬಟನ್ ಚಿಕ್ಕದು" ಎಂಬ ದೂರು ಬಂದರೆ ಮೊದಲು ಈ ಸಾಲನ್ನೇ ನೋಡಿ. ಸ್ಥಾನ ಕೊಡುವ `anchoredPosition`ಗೂ ಇದೇ ಭಾಗಾಕಾರ ಬೇಕು.

ಇನ್ನೊಂದು ಕೊಕ್ಕೆ ಉಂಟು. ಆಂಡ್ರಾಯ್ಡ್‌ನಲ್ಲಿ `Screen.dpi` ಹೇಳುವ ಸಂಖ್ಯೆ ಸ್ಕ್ರೀನಿನ ನಿಜವಾದ ಸಾಂದ್ರತೆಯೇ ಆಗಿರಬೇಕೆಂದಿಲ್ಲ. 405 ಇರುವಲ್ಲಿ 480 ಎಂದು ಹೇಳಿದರೆ 12 ಮಿಮೀ ಬಟನ್ 14 ಮಿಮೀ ಆಗುತ್ತದೆ. ಪತ್ತೆಗೆ ಒಂದು ಸುಲಭ ಉಪಾಯ: ಮೇಲಿನ ಲೆಕ್ಕದಿಂದಲೇ 85.6 ಮಿಮೀ ಉದ್ದದ ಗೆರೆಯೊಂದನ್ನು ಸ್ಕ್ರೀನಿನ ಮೇಲೆ ಎಳೆದು, ಅದರ ಮೇಲೆ ಎಟಿಎಂ ಕಾರ್ಡ್ ಅಡ್ಡ ಇಡಿ. ಎಲ್ಲ ಬ್ಯಾಂಕಿನ ಕಾರ್ಡೂ ಅಷ್ಟೇ ಉದ್ದ. ಗೆರೆ ಕಾರ್ಡಿನಿಂದ ಆಚೆ ಇಣುಕಿದರೆ ಫೋನ್ ಹೆಚ್ಚು ಹೇಳುತ್ತಿದೆ, ಒಳಗೇ ನಿಂತರೆ ಕಮ್ಮಿ. ಸೆಟ್ಟಿಂಗ್‌ನಲ್ಲಿ "ಗೆರೆಯನ್ನು ಕಾರ್ಡಿಗೆ ಹೊಂದಿಸಿ" ಎಂಬ ಸ್ಲೈಡರ್ ಇಟ್ಟರೆ ಆಟಗಾರರೇ ಸರಿ ಮಾಡಿಕೊಳ್ಳಬಹುದು.

ಎಲ್ಲಿಡುವುದು

ಅಡ್ಡ ಹಿಡಿದಾಗ ಹೆಬ್ಬೆರಳಿನ ಬುಡ ಕೆಳಮೂಲೆಯ ಹತ್ತಿರ, ಸ್ಕ್ರೀನಿನ ಆಚೆ ಇರುತ್ತದೆ. ಬೆರಳು ಅಲ್ಲಿಂದ ಕಮಾನಿನಂತೆ ಬೀಸುತ್ತದೆ. ಮೂಲೆಗೆ ಅಂಟಿಸಿದ ಬಟನ್ ಹತ್ತಿರದಲ್ಲೇ ಇದ್ದಂತೆ ಕಂಡರೂ ಒತ್ತಲು ಬೆರಳನ್ನು ಪೂರ್ತಿ ಮಡಚಬೇಕು. ಸ್ವಲ್ಪ ಹೊತ್ತಿಗೆ ನೋವು ಶುರು. ಜಿಗಿತದ ಬಟನ್‌ನ ಕೇಂದ್ರವನ್ನು ಬಲ ಅಂಚಿನಿಂದ 20 ಮಿಮೀ, ಕೆಳಗಿನಿಂದ 18 ಮಿಮೀಗೆ ಇಟ್ಟು ನೋಡಿ. ಹೊಡೆತದ್ದು ಅದೇ ಕಮಾನಿನ ಮೇಲೆ: ಅಂಚಿನಿಂದ 12, ಕೆಳಗಿನಿಂದ 31. ಎರಡು ಕೇಂದ್ರಗಳ ನಡುವೆ 15.3 ಮಿಮೀ, ಅಂದರೆ ಬಟನ್‌ಗಳ ನಡುವೆ 3 ಮಿಮೀಗೂ ಹೆಚ್ಚು ಖಾಲಿ ಜಾಗ. ಇವು ಶುರುವಿನ ಅಳತೆ. ಸಣ್ಣ ಕೈ, ದೊಡ್ಡ ಕೈ ಎರಡರಲ್ಲೂ ಆಡಿಸಿ ತಿದ್ದಬೇಕು.

`Screen.safeArea` ಬಗ್ಗೆ ಒಂದು ಮಾತು. ಅಷ್ಟೂ ಬಟನ್‌ಗಳನ್ನು ಸೇಫ್ ಏರಿಯಾದ ಅಂಚಿನಿಂದ ಅಳೆದರೆ ಕ್ಯಾಮೆರಾ ಇರುವ ಬದಿಯಲ್ಲಿ ಅವು ಸುಮ್ಮನೆ ಒಳಕ್ಕೆ ಸರಿಯುತ್ತವೆ. ಬೆರಳಿನ ದೂರ ಶುರುವಾಗುವುದು ಫೋನಿನ ಅಂಚಿನಿಂದ ತಾನೆ? ಅಲ್ಲಿಂದಲೇ ಅಳೆಯಿರಿ, ಬಟನ್ ನಿಜವಾಗಿ ಕ್ಯಾಮೆರಾ ಜಾಗಕ್ಕೆ ತಾಗಿದಾಗ ಮಾತ್ರ ತಾಗುವಷ್ಟೇ ಸರಿಸಿ.

ಕಾಣುವ ಚಿತ್ರ ಬೇರೆ, ಮುಟ್ಟುವ ಜಾಗ ಬೇರೆ

ಚಿತ್ರ 10 ಮಿಮೀ ಇದ್ದು ಮುಟ್ಟುವ ಜಾಗ 13 ಮಿಮೀ ಇರಬಹುದು. `Image`ನ `Raycast Padding`ಗೆ ಋಣ ಸಂಖ್ಯೆ ಕೊಟ್ಟರೆ ಜಾಗ ಹಿಗ್ಗುತ್ತದೆ, ಧನ ಕೊಟ್ಟರೆ ಕುಗ್ಗುತ್ತದೆ (ಉಲ್ಟಾ ಅನ್ನಿಸುತ್ತದೆ, ಹಾಗೇ ಇದೆ). ಎಷ್ಟು, ಯಾವ ಕಡೆಗೆ ಎಂದು ತಿಳಿಯಲು, ಟೆಸ್ಟ್ ಬಿಲ್ಡ್‌ನಲ್ಲಿ ಬೆರಳು ತಾಗಿದ ಕಡೆಯೆಲ್ಲ ಚುಕ್ಕೆ ಬಿಡಿಸಿ. ಚುಕ್ಕೆಗಳ ಗುಂಪು ಬಟನ್‌ನ ಒಂದೇ ಪಕ್ಕಕ್ಕೆ ವಾಲಿದ್ದರೆ ಆ ಪಕ್ಕದ ಜಾಗವನ್ನಷ್ಟೇ ಹಿಗ್ಗಿಸಿ, ಚಿತ್ರ ಇದ್ದಲ್ಲೇ ಇರಲಿ.

ಸ್ವಂತ ಜಾಯ್‌ಸ್ಟಿಕ್ ಬರೆಯುವವರು ಬೆರಳನ್ನು `fingerId`ಯಿಂದ ಗುರುತಿಸಿ, ಪಟ್ಟಿಯಲ್ಲಿ ಎಷ್ಟನೆಯದು ಎಂಬುದರಿಂದ ಅಲ್ಲ. ಇಲ್ಲದಿದ್ದರೆ ಒಂದು ಬೆರಳು ಎತ್ತಿದಾಗ ಇನ್ನೊಂದು ಬೆರಳು ಅದರ ಜಾಗಕ್ಕೆ ಬಂದು ಪಾತ್ರ ಎತ್ತಲೋ ಹಾರುತ್ತದೆ. `TouchPhase.Canceled` ಅನ್ನೂ ಬೆರಳು ಎತ್ತಿದಂತೆಯೇ ನೋಡಿ. ಬಿಟ್ಟರೆ ಮಧ್ಯದಲ್ಲಿ ಫೋನ್ ಕರೆ ಬಂದು ಹೋದ ಮೇಲೆ ಪಾತ್ರ ತಾನಾಗಿಯೇ ಓಡುತ್ತಿರುತ್ತದೆ.

ಎಲ್ಲರೂ ಆಡುವಂತೆ

ಮಿಲಿಮೀಟರ್ ಲೆಕ್ಕ ಕೂತಿದ್ದರೆ ಬಟನ್ ಗಾತ್ರದ ಸ್ಲೈಡರ್ ಕೊಡುವುದು ಸುಲಭ: `mm` ಅನ್ನು 0.8ರಿಂದ 1.5ರವರೆಗೆ ಗುಣಿಸಿ. ಆದರೆ 1.5ಕ್ಕೆ ಎಳೆದಾಗ ಏನಾಗುತ್ತದೆ ನೋಡಿ. ಬಟನ್ 18 ಮಿಮೀ, ಕೇಂದ್ರಗಳ ನಡುವೆ ಇನ್ನೂ 15.3, ಒಂದರ ಮೇಲೊಂದು ಹತ್ತುತ್ತವೆ. ಎಲ್ಲ ದೂರವನ್ನೂ ಮೂಲೆಯಿಂದ 1.5 ಮಾಡಿದರೆ ಜಿಗಿತ (30, 27)ಕ್ಕೆ ಹೋಗಿ ಕೈಗೆ ಸಿಗದು. ಆದ್ದರಿಂದ ಜಿಗಿತವನ್ನು ಇದ್ದಲ್ಲೇ ಬಿಟ್ಟು, ಅದರಿಂದ ಹೊಡೆತಕ್ಕಿರುವ ದೂರವನ್ನಷ್ಟೇ ಹಿಗ್ಗಿಸಿ. ಹೊಡೆತ (8, 37.5)ಕ್ಕೆ ಬರುತ್ತದೆ. ತ್ರಿಜ್ಯ 9, ಅಂದರೆ 1 ಮಿಮೀ ಸ್ಕ್ರೀನಿನ ಆಚೆ! ಅಂಚಿನಲ್ಲಿ 2 ಮಿಮೀ ಬಿಡಬೇಕೆಂದರೆ ಎರಡನ್ನೂ ಒಟ್ಟಿಗೆ 3 ಮಿಮೀ ಒಳಕ್ಕೆ ತಳ್ಳಿ: ಜಿಗಿತ (23, 18), ಹೊಡೆತ (11, 37.5). ಹೀಗೆ ಮೊದಲು ಹಿಗ್ಗಿಸಿ, ಆಮೇಲೆ ಅಂಚು ನೋಡಿ ಇಡೀ ಗುಂಪನ್ನು ಸರಿಸುವ ಕ್ರಮ ಇಟ್ಟುಕೊಂಡರೆ ಎಡಗೈಯವರಿಗೆ ಎಡ-ಬಲ ಅದಲುಬದಲು ಮಾಡುವಾಗಲೂ ಅದೇ ಕೋಡ್ ಸಾಕು.

ಒತ್ತಿ ಹಿಡಿಯಲು ಕಷ್ಟವಾಗುವವರಿಗೆ, ಓಟವನ್ನು ಒಮ್ಮೆ ತಟ್ಟಿದರೆ ಶುರು, ಮತ್ತೆ ತಟ್ಟಿದರೆ ನಿಲ್ಲು ಎಂದು ಬದಲಿಸುವ ಆಯ್ಕೆ ಕೊಡಿ. ಕೈ ನಡುಗುವವರಿಗೆ ಒಂದೇ ಒತ್ತು ಎರಡಾಗಿ ದಾಖಲಾಗುತ್ತದೆ; ಬೆರಳು ಎತ್ತಿದ ಕೂಡಲೇ ಬರುವ ಎರಡನೇ ತಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಯ್ಕೆ ಇರಲಿ, ಎಷ್ಟು ಹೊತ್ತು ಎಂಬುದು ಅವರ ಕೈಲೇ ಇರಲಿ. ಜಿಗಿತ ಹಸಿರು, ಹೊಡೆತ ಕೆಂಪು ಎಂದು ಬಣ್ಣವನ್ನೇ ನಂಬಬೇಡಿ, ಎರಡಕ್ಕೂ ಬೇರೆ ಬೇರೆ ಆಕಾರದ ಚಿಹ್ನೆ ಹಾಕಿ.